ಗಾಯದ ನೋವಿಗೆ ನಾಟಿದ ಗುಳಿಗೆ ಸಯಾಟಿಕಾಕ್ಕೆ ಯಾಕೆ ನಾಟಲಿಲ್ಲ?

2025ರ ಜನವರಿ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಪರೇಶನ್ ಆದವರ ಮೇಲೆ ಪರೀಕ್ಷಿಸಿದ ಸುಜೆಟ್ರಿಜಿನ್ ಎಂಬ ಹೊಸ ನೋವಿನ ಗುಳಿಗೆಗೆ ಒಪ್ಪಿಗೆ ಕೊಟ್ಟಿತು. ಇದು ಅಫೀಮಿನ ಜಾತಿಯದ್ದಲ್ಲ, ಮಂಪರು ಬರಿಸುವುದಿಲ್ಲ, ಚಟ ಹಿಡಿಸುವ ಭಯವಿಲ್ಲ ಎಂದು ಸುದ್ದಿಯಾಯಿತು. ಅದಕ್ಕೂ ಒಂದೂವರೆ ತಿಂಗಳ ಮೊದಲು ಅದೇ ಗುಳಿಗೆಯ ಬಗ್ಗೆ ಇನ್ನೊಂದು ಸುದ್ದಿ ಬಂದಿತ್ತು. ಸಯಾಟಿಕಾ, ಅಂದರೆ ಸೊಂಟದಲ್ಲಿ ನರ ಒತ್ತಿ ಕಾಲಿಗುಂಟ ಇಳಿಯುವ ನೋವು ಇರುವವರಿಗೆ 12 ವಾರ ಅದನ್ನು ಕೊಟ್ಟು ನೋಡಿದ್ದರು. ಸೊನ್ನೆಯಿಂದ ಹತ್ತರ ನೋವಿನ ಅಳತೆಯಲ್ಲಿ ಗುಳಿಗೆ ತಿಂದವರಿಗೆ ಸರಾಸರಿ 2.02 ಅಂಕ ಇಳಿಯಿತು. ಔಷಧವೇ ಇಲ್ಲದ ಹುಸಿಗುಳಿಗೆ ತಿಂದವರಿಗೆ 1.98 ಇಳಿಯಿತು.

ಅಂದರೆ ಔಷಧ ಒಂದೇ, ಆದರೆ ಆಪರೇಶನ್ ಆದವರಿಗೆ ಕೆಲಸ ಮಾಡಿತು, ಸಯಾಟಿಕಾದವರಿಗೆ ಔಷಧವಿಲ್ಲದ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಕಂಪನಿ ಮೋಸ ಮಾಡಿತಾ? ಅಥವಾ ಸಯಾಟಿಕಾದವರ ನೋವು ಬರೀ ಮನಸ್ಸಿನದ್ದಾ? ಎರಡೂ ಅಲ್ಲ. ನೋವು ಬೆರಳಿನಿಂದ ಮಿದುಳಿನವರೆಗೆ ಹೋಗುವ ದಾರಿಯನ್ನು ಒಮ್ಮೆ ಹಿಂಬಾಲಿಸಿದರೆ ಈ ಗೊಂದಲ ಬಹಳಷ್ಟು ಬಿಡುತ್ತದೆ.

ಮೆಟ್ಟುಗತ್ತಿಯಲ್ಲಿ ಬೆರಳು ಕೊಯ್ದಾಗ

ಶಿರಸಿ ಕಡೆಯ ಒಂದು ಮನೆ ಎಂದುಕೊಳ್ಳಿ. ಅಡಿಕೆ ಸುಲಿಯುವ ಕಾಲ. ಸುಲಿಯುವವರ ಕೈ ಜಾರಿ ಮೆಟ್ಟುಗತ್ತಿಯ ಬಾಯಿಗೆ ತೋರುಬೆರಳು ತಾಗಿತು.

ಚರ್ಮದಲ್ಲಿ ನರಗಳ ತುದಿಗಳು ಬೇರಿನ ಹಾಗೆ ಹರಡಿಕೊಂಡಿರುತ್ತವೆ. ಇವುಗಳಲ್ಲಿ ಕೆಲವು ಅಪಾಯವನ್ನು ಮಾತ್ರ ಗುರುತಿಸುವ ತುದಿಗಳು. ಇವಕ್ಕೆ ನೊಸಿಸೆಪ್ಟರ್ ಎನ್ನುತ್ತಾರೆ. ಸುಮ್ನೆ ಸವರಿದರೆ ಇವು ಏಳುವುದಿಲ್ಲ. ಕೊಯ್ದರೆ, ಜಜ್ಜಿದರೆ, ಸುಟ್ಟರೆ ಏಳುತ್ತವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ ದಾಟಿದ ಬಿಸಿಗೆ ಎಚ್ಚರಾಗುವ ಒಂದು ಪ್ರೋಟೀನು ಇವುಗಳಲ್ಲಿದೆ. ಮೆಣಸಿನ ಖಾರಕ್ಕೂ ಅದೇ ಎಚ್ಚರಾಗುತ್ತದೆ. ಸೂಜಿಮೆಣಸು ಹೆಚ್ಚಿದ ಕೈ ಸುಟ್ಟ ಹಾಗೆ ಉರಿಯುವುದು ಅದಕ್ಕೇ.

ಬೆರಳು ಕೊಯ್ದ ಕ್ಷಣ ಎರಡು ಬಗೆಯ ತಂತುಗಳು ಸುದ್ದಿ ಹೊರುತ್ತವೆ. ಒಂದಕ್ಕೆ ತೆಳುವಾದ ಕೊಬ್ಬಿನ ಹೊದಿಕೆ ಇದೆ. ಇದಕ್ಕೆ ಎ-ಡೆಲ್ಟಾ ಎಂದು ಹೆಸರು, ವೇಗ ಸೆಕೆಂಡಿಗೆ ಸುಮಾರು 15 ಮೀಟರ್. ಇನ್ನೊಂದಕ್ಕೆ ಹೊದಿಕೆಯೇ ಇಲ್ಲ. ಅದು ಸಿ ತಂತು, ವೇಗ ಸೆಕೆಂಡಿಗೆ ಒಂದು ಮೀಟರ್ ಹತ್ತಿರ. ಬೆರಳಿನಿಂದ ಕುತ್ತಿಗೆಯ ಬೆನ್ನುಹುರಿಗೆ 80 ಸೆಂಟಿಮೀಟರ್ ಎಂದು ಹಿಡಿಯೋಣ. ಮೊದಲನೆಯದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಎರಡನೆಯದಕ್ಕೆ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಬೇಕು. ಮೊದಲು ಚುರ್ ಎಂದು ಚುಚ್ಚಿದ ಹಾಗಾಗಿ, ಆಮೇಲೆ ಉರಿಯ ಜೊತೆ ಜುಮುಜುಮು ನೋವು ನಿಧಾನವಾಗಿ ಹಬ್ಬುವುದು ಈ ಕಾರಣಕ್ಕೆ. ಒಂದೇ ಗಾಯದ ಸುದ್ದಿ ಎರಡು ಟಪಾಲಿನಲ್ಲಿ ಬಂದಿರುತ್ತದೆ, ಅಷ್ಟೇ.

ಇಷ್ಟರಲ್ಲಿ ಕೈ ತಾನಾಗಿ ಹಿಂದೆ ಬಂದಿರುತ್ತದೆ. ಅದನ್ನು ಎಳೆದದ್ದು ಬೆನ್ನುಹುರಿ. ಮಿದುಳಿಗೆ ನೋವು ಎಂದು ಗೊತ್ತಾಗುವುದು ಆಮೇಲೆ.

ಗುಳಿಗೆ ಕೈ ಹಾಕುವ ಜಾಗ

ನರದಲ್ಲಿ ಸುದ್ದಿ ಓಡುವುದು ಸೋಡಿಯಂನಿಂದ. ನರದ ಗೋಡೆಯಲ್ಲಿ ಉದ್ದಕ್ಕೂ ಸಣ್ಣ ಸಣ್ಣ ಕಿಂಡಿಗಳಿವೆ. ಒಂದು ಕಿಂಡಿ ತೆರೆದು ಸೋಡಿಯಂ ಒಳಗೆ ನುಗ್ಗಿದರೆ ಪಕ್ಕದ ಕಿಂಡಿ ತೆರೆಯುತ್ತದೆ, ಅದು ಮುಂದಿನದನ್ನು ತೆರೆಸುತ್ತದೆ. ಮನುಷ್ಯರಲ್ಲಿ ಈ ಕಿಂಡಿಗಳ ಒಂಬತ್ತು ಬಗೆಗಳಿವೆ. ಹೃದಯದಲ್ಲಿ ಒಂದು ಬಗೆ, ಸ್ನಾಯುವಿನಲ್ಲಿ ಇನ್ನೊಂದು, ಮಿದುಳಿನಲ್ಲಿ ಬೇರೆ ಕೆಲವು.

ಹಲ್ಲು ಕೀಳುವ ಮೊದಲು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಇದೆಯಲ್ಲ, ಲಿಡೋಕೇನ್, ಅದು ಈ ಒಂಬತ್ತನ್ನೂ ಭೇದವಿಲ್ಲದೆ ಮುಚ್ಚುತ್ತದೆ. ಹಾಗಾಗಿ ನೋವಿನ ಜೊತೆ ಸ್ಪರ್ಶವೂ ಹೋಗಿ ತುಟಿ ದಪ್ಪಗಾದ ಹಾಗಾಗುತ್ತದೆ. ಅದನ್ನು ನೋವಿನ ಗುಳಿಗೆಯ ಹಾಗೆ ದಿನಕ್ಕೆರಡು ಸಲ ನುಂಗಿ ಮೈಯೆಲ್ಲಾ ಹರಡಿಸಲು ಆಗುವುದಿಲ್ಲ. ಹೃದಯದ ಬಡಿತವನ್ನೇ ಕೆಡಿಸೀತು.

ಸುಜೆಟ್ರಿಜಿನ್ ಮುಚ್ಚುವುದು ನ್ಯಾವ್ 1.8 ಎಂಬ ಒಂದೇ ಬಗೆಯನ್ನು. ಇದು ಹೆಚ್ಚಾಗಿ ಇರುವುದು ಬೆನ್ನುಹುರಿಯ ಹೊರಗಿನ ನೋವಿನ ನರಗಳಲ್ಲಿ. ಮಿದುಳಿನಲ್ಲಿ ಅದಕ್ಕೆ ಹಿಡಿಯಲು ಕಿಂಡಿಯೇ ಇಲ್ಲದ ಹಾಗೆ. ಮಂಪರು ಇಲ್ಲ, ಚಟ ಇಲ್ಲ ಎನ್ನುವ ಮಾತಿನ ಬುಡ ಇದು. ಒಪ್ಪಿಗೆಗೆ ಆಧಾರವಾದ ಪ್ರಯೋಗಗಳು ಎರಡು. ಒಂದು ಕಾಲಿನ ಹೆಬ್ಬೆರಳಿನ ಬುಡದ ಮೂಳೆ ಸರಿಪಡಿಸುವ ಆಪರೇಶನ್ ಆದವರ ಮೇಲೆ, ಇನ್ನೊಂದು ಹೊಟ್ಟೆಯ ಹೆಚ್ಚಿನ ಚರ್ಮ, ಕೊಬ್ಬು ತೆಗೆಸಿಕೊಂಡವರ ಮೇಲೆ. ಎರಡರಲ್ಲೂ ಅದು ಹುಸಿಗುಳಿಗೆಯನ್ನು ಸೋಲಿಸಿತು. ಆದರೆ ಪ್ಯಾರಾಸಿಟಮಾಲ್ ಜೊತೆ ಅಫೀಮಿನ ಜಾತಿಯ ಹೈಡ್ರೊಕೊಡೋನ್ ಬೆರೆಸಿದ ಗುಳಿಗೆಯನ್ನು ಸೋಲಿಸಲಿಲ್ಲ. ಸುದ್ದಿಯ ತಲೆಬರಹಗಳಲ್ಲಿ ಬಿಟ್ಟುಹೋದದ್ದು ಈ ಎರಡನೇ ಭಾಗ.

ಏನೇ ಆದರೂ ಇವೆಲ್ಲ ತಾಜಾ ಗಾಯಗಳು. ಸುದ್ದಿ ಹುಟ್ಟುವ ಜಾಗದಲ್ಲೇ ದಾರಿ ಕಟ್ಟಿದರೆ ಮುಂದಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಇಲ್ಲಿಯವರೆಗೆ ಗೊಂದಲವಿಲ್ಲ.

ಬೆನ್ನುಹುರಿಯ ದಣಪೆ

ಗೊಂದಲ ಶುರುವಾಗುವುದು ಸುದ್ದಿ ಬೆನ್ನುಹುರಿಗೆ ಮುಟ್ಟಿದಲ್ಲಿಂದ. ಅಲ್ಲಿ ನೋವಿನ ನರ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯ ಹಿಂಭಾಗದ ಬೂದುಬಣ್ಣದ ಪದರಗಳಲ್ಲಿ ಅದು ನಿಲ್ಲುತ್ತದೆ, ಇನ್ನೊಂದು ನರಕೋಶಕ್ಕೆ ಸುದ್ದಿ ದಾಟಿಸುತ್ತದೆ. ಆ ಎರಡನೇ ಕೋಶದ ತಂತು ಬೆನ್ನುಹುರಿಯ ಆಚೆ ಬದಿಗೆ ದಾಟಿ ಮೇಲೆ ಏರುತ್ತದೆ. ಬಲಗೈಯ ನೋವಿನ ಸುದ್ದಿ ಎಡಬದಿಯಲ್ಲಿ ಹತ್ತುವುದು ಹೀಗೆ.

ಈ ದಾಟಿಸುವ ಜಾಗದ ಬಗ್ಗೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ವಾದ ಮಂಡಿಸಿದರು. ಅಲ್ಲಿ ಒಂದು ಗೇಟು ಇದೆ ಎಂಬುದು ಅವರ ಮಾತು. ಗೇಟ್ ಕಂಟ್ರೋಲ್ ಎಂದೇ ಅದಕ್ಕೆ ಹೆಸರಾಯಿತು. ಗೇಟು ಎಂದಾಗ ಕಣ್ಣಿಗೆ ಬರುವುದು ಪೂರ್ತಿ ತೆರೆಯುವ ಅಥವಾ ಪೂರ್ತಿ ಮುಚ್ಚುವ ಕಬ್ಬಿಣದ ಬಾಗಿಲು. ಇದು ಹಾಗಲ್ಲ. ತೋಟದ ದಣಪೆಯನ್ನು ನೆನಪಿಸಿಕೊಳ್ಳಿ. ಎರಡು ಕಂಬ, ನಡುವೆ ತೂರಿಸಿದ ಗಳಗಳು. ಎಲ್ಲಾ ಗಳ ತೆಗೆದರೆ ಎಮ್ಮೆಯೂ ನುಗ್ಗುತ್ತದೆ. ಎರಡು ಹಾಕಿದರೆ ಎಮ್ಮೆ ನಿಲ್ಲುತ್ತದೆ, ಕರು ನುಸುಳುತ್ತದೆ. ಐದೂ ಹಾಕಿದರೆ ನಾಯಿಯೂ ಕಷ್ಟಪಡುತ್ತದೆ. ಎಷ್ಟು ಸುದ್ದಿ ಮೇಲೆ ಹೋಗಬೇಕು ಎಂಬುದು ಎಷ್ಟು ಗಳ ಹಾಕಿದೆ ಎನ್ನುವುದರ ಮೇಲೆ ನಿಂತಿದೆ.

ಗಳ ಹಾಕುವವರು ಯಾರು? ಅಲ್ಲೇ ಇರುವ ತಡೆಯುವ ಸಣ್ಣ ಕೋಶಗಳು. ಅವುಗಳಿಗೆ ಎರಡು ಕಡೆಯಿಂದ ಆಜ್ಞೆ ಬರುತ್ತದೆ. ಮೊದಲನೆಯದು ಸ್ಪರ್ಶದ ದಪ್ಪ ತಂತುಗಳಿಂದ. ಸೆಕೆಂಡಿಗೆ 50 ಮೀಟರ್ ಆಸುಪಾಸು ಓಡುವ ಈ ತಂತುಗಳು ಉಜ್ಜಿದಾಗ, ಒತ್ತಿದಾಗ, ಅಲ್ಲಾಡಿಸಿದಾಗ ಕೆಲಸ ಮಾಡುತ್ತವೆ. ಮೊಣಕೈ ಬಾಗಿಲಿಗೆ ತಾಗಿದ ಕೂಡಲೇ ನಾವು ಉಜ್ಜಿಕೊಳ್ಳುತ್ತೇವಲ್ಲ, ಬೆರಳು ಕೊಯ್ದವರು ಬುಡವನ್ನು ಬಿಗಿಯಾಗಿ ಹಿಡಿಯುತ್ತಾರಲ್ಲ, ಆಗ ದಣಪೆಗೆ ಒಂದೆರಡು ಗಳ ಬೀಳುತ್ತವೆ.

ಮೆಲ್ಜಾಕ್ ಮತ್ತು ವಾಲ್ ಬಿಡಿಸಿದ ನಕ್ಷೆಯ ಎಲ್ಲಾ ಗೆರೆಗಳೂ ಸರಿ ಇರಲಿಲ್ಲ. ಸಣ್ಣ ತಂತುಗಳು ಆ ತಡೆಯುವ ಕೋಶಗಳನ್ನು ಸುಮ್ಮನಾಗಿಸುತ್ತವೆ ಎಂದು ಅವರು ತೋರಿಸಿದ ರೀತಿ ಆಮೇಲಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಮುಖ್ಯ ಮಾತು ಮಾತ್ರ ನಿಂತಿತು: ನೋವಿನ ಸುದ್ದಿ ಮೊದಲ ಕಟ್ಟೆಯಲ್ಲೇ ಹೆಚ್ಚು ಕಡಿಮೆ ಆಗುತ್ತದೆ.

ಇದರಿಂದ ಹುಟ್ಟಿದ್ದೇ ಫಿಸಿಯೋಥೆರಪಿಯ 'ಕರೆಂಟ್ ಕೊಡುವುದು'. 1967ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ದಪ್ಪ ತಂತುಗಳನ್ನು ವಿದ್ಯುತ್ತಿನಿಂದ ಎಬ್ಬಿಸಿದರೆ ನೋವು ತಾತ್ಕಾಲಿಕವಾಗಿ ಇಳಿಯುತ್ತದೆ ಎಂದು ತೋರಿಸಿದರು. ಇಂದಿನ ಟೆನ್ಸ್ ಯಂತ್ರದ ಜುಮುಗುಟ್ಟುವಿಕೆ ಅದೇ ಕೆಲಸ ಮಾಡುತ್ತದೆ. ಇದರ ಬಗ್ಗೆಯೂ ಜಗಳವಿದೆ. ಸೊಂಟನೋವು, ಸಯಾಟಿಕಾಕ್ಕೆ ಟೆನ್ಸ್ ಕೊಡಬೇಡಿ ಎನ್ನುತ್ತದೆ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ. 381 ಪ್ರಯೋಗಗಳನ್ನು ಒಟ್ಟು ಹಾಕಿ 2022ರಲ್ಲಿ ಬಂದ ಪರಿಶೀಲನೆ, ಯಂತ್ರ ಹಾಕಿದಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆ ಇರುತ್ತದೆ ಎಂದಿತು. ಎರಡೂ ಸರಿ ಇರಬಹುದು. ಸ್ಪರ್ಶದ ತಂತು ಓಡುತ್ತಿರುವಷ್ಟು ಹೊತ್ತು ಗಳ ಇರುತ್ತದೆ, ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಬೀಳುತ್ತದೆ. ಯಂತ್ರದ ಮೇಲೆ ಮಲಗಿದ್ದಾಗ ಹಾಯೆನಿಸಿ, ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಮೊದಲಿನ ಹಾಗೇ ಆದರೆ ಚಿಕಿತ್ಸೆ ಸುಳ್ಳು ಎಂದಲ್ಲ. ಅದರ ಅಳವೇ ಅಷ್ಟು.

ಮೇಲಿನಿಂದ ಬರುವ ಆಜ್ಞೆ

ಗಳ ಹಾಕುವ ಎರಡನೇ ಆಜ್ಞೆ ಮಿದುಳಿನಿಂದ ಇಳಿಯುತ್ತದೆ. ಮಿದುಳುಕಾಂಡದಲ್ಲಿ ಒಂದು ಸಣ್ಣ ಬೂದು ಪ್ರದೇಶವಿದೆ. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಗಳ ಈ ಜಾಗಕ್ಕೆ ವಿದ್ಯುತ್ ಕೊಟ್ಟು, ಅರಿವಳಿಕೆ ಮದ್ದಿಲ್ಲದೆ ಹೊಟ್ಟೆಯ ಆಪರೇಶನ್ ಮಾಡಿದರು. ಅಲ್ಲಿಂದ ಹೊರಟ ಆಜ್ಞೆ ಬೆನ್ನುಹುರಿಗೆ ಇಳಿದು ದಣಪೆ ಮುಚ್ಚಿತ್ತು. ಇದೇ ದಾರಿಯಲ್ಲಿ ಗಳ ತೆಗೆಯುವ ಆಜ್ಞೆಯೂ ಬರುತ್ತದೆ. ನಿದ್ದೆಗೆಟ್ಟ ರಾತ್ರಿ, 'ಇನ್ನು ಮರ ಹತ್ತಲು ಆಗುವುದೇ ಇಲ್ಲವೇನೋ' ಎಂಬ ಹೆದರಿಕೆ, ಇವು ನೋವನ್ನು ನಿಜವಾಗಿಯೂ ಹೆಚ್ಚಿಸುತ್ತವೆ. 'ಹೆದರಿಕೆಗೆ ಹಾಗನಿಸುತ್ತದೆ ಅಷ್ಟೇ' ಎನ್ನುವ ಮಾತು ಸರಿಯಲ್ಲ. ಬೆನ್ನುಹುರಿಯಿಂದ ಮೇಲೆ ಹೋಗುವ ಸುದ್ದಿಯೇ ಜಾಸ್ತಿಯಾಗಿರುತ್ತದೆ.

ಹುಸಿಗುಳಿಗೆಯ ಗುಟ್ಟೂ ಇಲ್ಲಿದೆ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ನಡೆಯಿತು. ಹುಸಿಮದ್ದಿನಿಂದ ಕೆಲವರಿಗೆ ನೋವು ಇಳಿದಿತ್ತು. ಅಫೀಮಿನ ಪರಿಣಾಮವನ್ನು ಅಳಿಸುವ ನಲಾಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಏರಿತು. ಅಂದರೆ ಮದ್ದು ಸುಳ್ಳಾದರೂ ದೇಹ ತನ್ನದೇ ಅಫೀಮಿನಂಥ ರಾಸಾಯನಿಕವನ್ನು ನಿಜವಾಗಿಯೇ ಬಿಟ್ಟಿತ್ತು. 2009ರಲ್ಲಿ ಜರ್ಮನಿಯ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಾದಾ ಮುಲಾಮನ್ನು ಮರಗಟ್ಟಿಸುವ ಮುಲಾಮು ಎಂದು ನಂಬಿಸಿ ಕೈಗೆ ಹಚ್ಚಿದರು, ಮೇಲೆ ಬಿಸಿ ತಾಗಿಸಿ ಬೆನ್ನುಹುರಿಯನ್ನು ಸ್ಕ್ಯಾನ್ ಮಾಡಿದರು. ನೋವಿಗೆ ಎಚ್ಚರಾಗುವ ಆ ಹಿಂಭಾಗದ ಪದರಗಳಲ್ಲೇ ಚಟುವಟಿಕೆ ಕಡಿಮೆಯಾಗಿತ್ತು. ನಂಬಿಕೆ ಬೆನ್ನುಹುರಿಯವರೆಗೆ ಇಳಿದಿತ್ತು.

ಮೇಲೆ ಹೋದ ಸುದ್ದಿಯೂ ಮಿದುಳಿನ ಒಂದೇ ಕೋಣೆಗೆ ಸೇರುವುದಿಲ್ಲ. ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗ ದಾಟಿದ ಮೇಲೆ ಎಲ್ಲಿ, ಎಷ್ಟು ಎಂದು ಲೆಕ್ಕ ಹಾಕುವ ಭಾಗ ಬೇರೆ, ಸಂಕಟ ಅನಿಸುವ ಭಾಗ ಬೇರೆ.

ಕೊನೆಗೌಡನ ಕಾಲು

ಈಗ ಎರಡನೇ ಮನುಷ್ಯ. ವರ್ಷಗಟ್ಟಲೆ ಅಡಿಕೆ ಮರ ಹತ್ತಿ ಕೊನೆ ಇಳಿಸಿದವನು. ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ಅಲ್ಲಿಯ ನರದ ಬೇರನ್ನು ಒತ್ತಿದೆ. ನೋವು ಪೃಷ್ಠದಿಂದ ಹೊರಟು ಕಾಲಿನ ಹೊರಬದಿಗುಂಟ ಹೆಬ್ಬೆರಳಿನವರೆಗೆ ಇಳಿಯುತ್ತದೆ. ಕೆಮ್ಮಿದರೆ ಶಾಕ್ ಹೊಡೆದ ಹಾಗೆ.

ಹೆಬ್ಬೆರಳಿಗೆ ಏನೂ ಆಗಿಲ್ಲ. ಆದರೆ ಆ ತಂತಿಯ ಯಾವ ಜಾಗದಲ್ಲಿ ಸುದ್ದಿ ಹುಟ್ಟಿದರೂ ಅದು ತುದಿಯಿಂದಲೇ ಬಂತು ಎಂದು ಮಿದುಳು ಓದುತ್ತದೆ. ಕಾಲಿಗೆ ಎಣ್ಣೆ ತಿಕ್ಕಿದರೆ ಸ್ವಲ್ಪ ಹಿತವಾಗುತ್ತದೆ, ದಣಪೆಗೆ ಗಳ ಬೀಳುವುದರಿಂದ. ಮೂಲ ಇರುವುದು ಸೊಂಟದಲ್ಲಿ.

ವಾರಗಳು, ತಿಂಗಳುಗಳು ಹೋದರೆ ದಣಪೆಯೇ ಕೆಡಬಹುದು. ಬೆನ್ನುಹುರಿಯ ಎರಡನೇ ಕೋಶದಲ್ಲಿ ಒಂದು ಬಗೆಯ ಕಿಂಡಿಗೆ ಮಾಮೂಲಾಗಿ ಮೆಗ್ನೀಸಿಯಂ ಬಿರಡೆ ಹಾಕಿರುತ್ತದೆ. ಸಿ ತಂತು ಬಿಡದೆ ಬಡಿದರೆ ಬಿರಡೆ ಹಾರಿ ಕೋಶ ಅತಿ ಚುರುಕಾಗುತ್ತದೆ. ಅದೇ ಹೊತ್ತಿಗೆ ತಡೆಯುವ ಕೋಶಗಳ ಶಕ್ತಿ ಕುಗ್ಗುತ್ತದೆ. ಆಗ ಸ್ಪರ್ಶದ ದಪ್ಪ ತಂತು ತಂದ ಸುದ್ದಿಯೂ ನೋವಿನ ದಾರಿಗೆ ನುಸುಳುತ್ತದೆ. ಪಂಚೆಯ ಅಂಚು ತಾಗಿದರೂ ಉರಿಯುವ ಸ್ಥಿತಿ ಅದು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಬೆನ್ನುಹುರಿಯ ಈ ಅತಿ ಚುರುಕುತನವನ್ನು ಮೊದಲು ತೋರಿಸಿದರು.

ಗುಳಿಗೆಯ ಕಷ್ಟ ಈಗ ಕಾಣುತ್ತದೆ. ಅದು ಕಟ್ಟುವುದು ದಣಪೆಗೆ ಬರುವ ದಾರಿಗಳಲ್ಲಿ ಒಂದನ್ನು. ಮುರಿದ ದಣಪೆಯನ್ನು ಅದು ಮುಟ್ಟುವುದಿಲ್ಲ, ಮೇಲಿನಿಂದ ಬರುವ ಆಜ್ಞೆಯನ್ನೂ ಬದಲಿಸುವುದಿಲ್ಲ.

2.02 ಮತ್ತು 1.98

ಇಷ್ಟು ಹೇಳಿದ ಮೇಲೆ, ಸಯಾಟಿಕಾ ಪ್ರಯೋಗ ಸೋತದ್ದು ಇದೇ ಕಾರಣಕ್ಕೆ ಎಂದು ತೀರ್ಪು ಕೊಡುವ ಆಸೆಯಾಗುತ್ತದೆ. ಅಷ್ಟು ಅವಸರ ಬೇಡ. ಇದು ಎರಡನೇ ಹಂತದ ಪ್ರಯೋಗ, ಎರಡು ಗುಂಪುಗಳನ್ನು ನೇರವಾಗಿ ಹೋಲಿಸುವುದಕ್ಕೆಂದು ಕಟ್ಟಿದ್ದಲ್ಲ. ಹುಸಿಗುಳಿಗೆಯ ಪರಿಣಾಮ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ ಇತ್ತು, ಅದರಿಂದ ಔಷಧದ ಗುಣ ಮುಚ್ಚಿಹೋಯಿತು ಎಂಬುದು ಕಂಪನಿಯ ವಾದ. ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಫಲಿತಾಂಶ ಬಂದ ಮೇಲೆ ತಮಗೆ ಅನುಕೂಲವಾದ ಆಸ್ಪತ್ರೆಗಳನ್ನು ಆರಿಸಿ ನೋಡುವುದು ಪುರಾವೆಯಲ್ಲ. ಇನ್ನೊಂದು ಪ್ರಯೋಗ ಮಾಡಲು ಕಾರಣ ಕೊಟ್ಟೀತು, ಅಷ್ಟೇ.

ಇನ್ನೊಂದು ಕಡೆಯವರು 1.98 ಪೂರ್ತಿ ನಂಬಿಕೆಯ ಶಕ್ತಿ ಎನ್ನುತ್ತಾರೆ. ಅದೂ ತಪ್ಪು. ಜನ ಪ್ರಯೋಗಕ್ಕೆ ಸೇರುವುದು ನೋವು ಹೆಚ್ಚಿದ್ದಾಗ. ಹೆಚ್ಚಿದ್ದದ್ದು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಸ್ವಲ್ಪ ಇಳಿಯುತ್ತದೆ. 7ರಲ್ಲಿ ಸೇರಿದವರು 12 ವಾರಕ್ಕೆ 5ಕ್ಕೆ ಬಂದರೆ, ಆ ಎರಡು ಅಂಕದಲ್ಲಿ ತಾನಾಗಿ ಇಳಿದದ್ದೆಷ್ಟು, ಮಿದುಳು ಗಳ ಹಾಕಿದ್ದೆಷ್ಟು ಎಂದು ಬಿಡಿಸಲು ಗುಳಿಗೆಯೇ ಕೊಡದ ಮೂರನೇ ಗುಂಪು ಬೇಕು. ಅದಿಲ್ಲದಿದ್ದರೆ ಲೆಕ್ಕ ಬಿಡಿಸಲು ಬರುವುದಿಲ್ಲ.

ನಿಚ್ಚಳವಾಗಿ ಹೇಳಬಹುದಾದದ್ದು ಇಷ್ಟು: ಸಯಾಟಿಕಾಕ್ಕೆ ಈ ಗುಳಿಗೆ ಹುಸಿಗುಳಿಗೆಗಿಂತ ಮೇಲು ಎಂದು ಈ ಪ್ರಯೋಗ ತೋರಿಸಿಲ್ಲ. ರೋಗಿಗಳ ನೋವು ಸುಳ್ಳು ಎಂದಂತೂ ತೋರಿಸಿಲ್ಲ.

ಇದರಿಂದ ಆಗುವುದೇನು

ಗುಳಿಗೆಗೆ ಒಪ್ಪಿಗೆ ಸಿಕ್ಕಿರುವುದು ದೊಡ್ಡವರ ತಾಜಾ ನೋವಿಗೆ ಮಾತ್ರ. ಅಂಥ ನೋವಿಗೆ 14 ದಿನಕ್ಕಿಂತ ಹೆಚ್ಚು ಕೊಟ್ಟು ನೋಡಿಲ್ಲ. ಮೊದಲು 100 ಮಿಲಿಗ್ರಾಂ, ಆಮೇಲೆ 12 ಗಂಟೆಗೊಮ್ಮೆ 50. ಅಮೆರಿಕದಲ್ಲಿ ಕಂಪನಿ ಹೇಳಿದ ಬೆಲೆ 50 ಮಿಲಿಗ್ರಾಂ ಗುಳಿಗೆಗೆ 15.50 ಡಾಲರ್. ಆಪರೇಶನ್ ಆದವರಿಗೆ ಅಫೀಮಿನ ಜಾತಿಯ ಗುಳಿಗೆಯನ್ನು ತಪ್ಪಿಸಬಹುದಾದರೆ ಅದು ದೊಡ್ಡ ಲಾಭವೇ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರ ಮೇಲೂ ದೊಡ್ಡ ಪ್ರಯೋಗ ಶುರುವಾಗಿದೆ. ಅಲ್ಲಿ ಕೆಟ್ಟಿರುವುದು ನರದ ತುದಿ, ಗುಳಿಗೆ ಕೈ ಹಾಕುವ ಜಾಗಕ್ಕೆ ಹತ್ತಿರ. ಅಲ್ಲಿಯೂ ದಣಪೆ ಕೆಟ್ಟಿದೆಯೋ ಇಲ್ಲವೋ ಎಂಬುದರ ಮೇಲೆ ಫಲ ನಿಂತೀತು.

ಕೊನೆಗೌಡ ಈ ಗುಳಿಗೆಗಾಗಿ ಕಾಯುವುದರಲ್ಲಿ ಅರ್ಥವಿಲ್ಲ. ಅವನ ನೋವು ಯಾವ ಬಗೆಯದ್ದು ಎಂದು ಮೊದಲು ಗೊತ್ತಾಗಬೇಕು. ಒತ್ತಿದಲ್ಲಿ ಮಾತ್ರ ನೋಯುವುದು, ದುಡಿದರೆ ಹೆಚ್ಚಾಗಿ ಮಲಗಿದರೆ ಇಳಿಯುವುದು ಸ್ನಾಯು ಮತ್ತು ಕೀಲಿನ ದಾರಿ. ಶಾಕ್ ಹೊಡೆದಂತಾಗುವುದು, ಇರುವೆ ಹರಿದಂತಾಗುವುದು, ಒಂದು ತುಂಡು ಚರ್ಮ ಮರಗಟ್ಟುವುದು, ಬಟ್ಟೆ ತಾಗಿದರೂ ಉರಿಯುವುದು ನರದ ಮತ್ತು ದಣಪೆಯ ದಾರಿ. ಎರಡಕ್ಕೂ ಮೆಡಿಕಲ್ ಶಾಪಿನಿಂದ ಅದೇ ಡೈಕ್ಲೋಫೆನಾಕ್ ತಂದು ತಿಂಗಳುಗಟ್ಟಲೆ ನುಂಗುವುದು ನಡೆದೇ ಇದೆ. ಎರಡನೆಯದಕ್ಕೆ ಅದರಿಂದ ಸಿಗುವುದು ಕಡಿಮೆ, ಹೊಟ್ಟೆ ಮತ್ತು ಕಿಡ್ನಿಗೆ ಬೀಳುವ ಪೆಟ್ಟು ಮಾತ್ರ ಎರಡರಲ್ಲೂ ಒಂದೇ.

ಕೆಲವು ಲಕ್ಷಣಗಳಿಗೆ ನೋವಿನ ಅಂಕವೇ ಲೆಕ್ಕಕ್ಕಿಲ್ಲ. ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಎರಡು ತೊಡೆಗಳ ನಡುವಿನ ಜಾಗ ಮರಗಟ್ಟಿದರೆ, ಪಾದ ಮೇಲೆತ್ತಲು ಆಗದೆ ನೆಲಕ್ಕೆ ಎಳೆಯುತ್ತಿದ್ದರೆ, ನರದ ಬೇರುಗಳು ಸಾಯುತ್ತಿರಬಹುದು ಎಂದು ತಿಳಿಯಬೇಕು. ಇಂಥ ಹೊತ್ತಲ್ಲಿ ನೋವು ಕಡಿಮೆಯಾದರೂ ಅದು ಒಳ್ಳೆಯ ಸುದ್ದಿ ಅಲ್ಲದಿರಬಹುದು, ಸುದ್ದಿ ಹೊರುವ ತಂತುವೇ ಕೆಟ್ಟಿರಬಹುದು. ಬೆನ್ನುಹುರಿ ತಜ್ಞರಿಗಾಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವುದು ಕಾರವಾರ, ಶಿರಸಿಯವರಿಗೆ ಹೊಸದಲ್ಲ. ಈ ಮೂರು ಲಕ್ಷಣಗಳಲ್ಲಿ ಒಂದು ಕಂಡರೂ ಬೆಳಗಿನ ಬಸ್ಸಿಗೆ ಕಾಯದೆ ಅದೇ ರಾತ್ರಿ ಹೊರಡಬೇಕು.